ಮಾವನ ಬಿಷಪ್

ಚೆಸ್ ಕ್ಲಬ್ಬಿನಲ್ಲಿ ಆತನಿಗೆ ‘ಡ್ರಾ ಮಾವ’ ಅಂತಲೇ ಹೆಸರು. ಸೋಲುವ ಆಟವನ್ನೂ ಎಳೆದಾಡಿ ಡ್ರಾ ಮಾಡುವ ಆಸಾಮಿ. ತಂಡದ ನಾಲ್ಕನೇ ಕುರ್ಚಿ ಎಷ್ಟೋ ವರ್ಷಗಳಿಂದ ಆತನದೇ. ಈ ಸಲ ಆ ಕುರ್ಚಿಗೆ ಎದುರಾಳಿಯಾಗಿ ಬಂದವಳು ಅವನದೇ ಅಕ್ಕನ ಮಗಳು. ಬಟ್ಟೆ ಹೊಲಿಯುವ ಕಸುಬಿನವಳು. ಅವಳಿಗೆ ಆಟ ಕಲಿಸಿದವನೂ ಅವನೇ. ಆಟ ಡ್ರಾ ಆದರೆ ಕುರ್ಚಿ ಅವನಿಗೇ ಉಳಿಯುತ್ತದೆ. ಅವಳು ಗೆಲ್ಲಲೇಬೇಕಿತ್ತು.

ಬೋರ್ಡಿನ ಮೇಲೆ ಉಳಿದಿದ್ದು ಇಷ್ಟು: ಇಬ್ಬರಿಗೂ ರಾಜ, ಬಿಳಿ ಮನೆಗಳಲ್ಲೇ ಓಡಾಡುವ ಒಂದೊಂದು ಬಿಷಪ್, ಬಲಗಡೆ ಮೂರು ಮೂರು ಕಾಲಾಳು. ಎಡ ತುದಿಯಲ್ಲಿ ಅವಳದೊಂದು ಒಂಟಿ ಕಾಲಾಳು, ಅದರಿಂದ ಸ್ವಲ್ಪ ಈಚೆಗೆ, ನಡುವಿನ ಕಡೆ, ಮಾವನದೊಂದು. ಅವನ ಬಲಗಡೆಯ ಮೂರೂ ಕಾಲಾಳುಗಳು ಬಿಳಿ ಮನೆಗಳಲ್ಲೇ ಕೂತು ಅವನದೇ ಬಿಷಪ್ಪಿಗೆ ಅಡ್ಡಗಟ್ಟಿದ್ದವು. ಅವಳ ಬಿಷಪ್ಪಿಗೆ ಅಂಥ ತೊಂದರೆಯಿಲ್ಲ; ನಡು ಬೋರ್ಡಿನಲ್ಲಿ ಠೀವಿಯಿಂದ ನಿಂತಿತ್ತು.

ಮಾವ ತನ್ನ ಬಿಷಪ್ಪನ್ನು ಅವಳದರ ಎದುರಿಗೇ ತಂದಿಟ್ಟ. ಹೊಡಿ, ನಾನೂ ಹೊಡೀತೀನಿ ಅನ್ನೋ ಹಾಗೆ.

ಅಯ್ಯೋ, ಅವಳ ಕಿವಿಯಲ್ಲಿ ಮಾವನ ದನಿಯೇ ಕೇಳಿತು. “ನಿನ್ನ ಒಳ್ಳೇ ಬಿಷಪ್ಪನ್ನ ಅವರ ಕೆಟ್ಟ ಬಿಷಪ್ಪಿಗೆ ಯಾವತ್ತೂ ಕೊಡ್ಬೇಡ ಕಣೇ!” ಚಿಕ್ಕವಳಿದ್ದಾಗ ಕೊಟ್ಟುಬಿಟ್ಟರೆ ತಲೆಗೊಂದು ಮೊಟಕುತ್ತಿದ್ದ. ಅಂದಿನಿಂದ ಕೊಟ್ಟಿದ್ದೇ ಇಲ್ಲ.

ಕೈ ಬಿಷಪ್ಪನ್ನು ಹಿಂದಕ್ಕೆಳೆಯಲು ಹೋಯಿತು. ಮುಟ್ಟಿದರೆ ಆಡಲೇಬೇಕು, ಆದ್ದರಿಂದ ತಡೆದು ಕೂತಳು. ಹಿಂದೆ ಸರಿದರೆ ಮಾವನ ಬಿಷಪ್ ಮೂಲೆಯಿಂದ ಮೂಲೆಗೆ ಹೋಗುವ ಉದ್ದನೆಯ ಕರ್ಣದ ಮೇಲೆ ಬೇರೂರಿ ಅವಳ ಒಂಟಿ ಕಾಲಾಳು ರಾಣಿಯಾಗುವ ಮನೆಯನ್ನೇ ಕಾಯುತ್ತದೆ. ಆಮೇಲೆ ಆ ಎರಡು ಒಂಟಿ ಕಾಲಾಳುಗಳೂ ಬೋರ್ಡಿನಿಂದ ಹೋಗುವಂತೆ ಮಾಡಿ, ಉಳಿದದ್ದನ್ನೆಲ್ಲ ಒಂದೇ ಮಗ್ಗುಲಿಗೆ ಸೇರಿಸಿ ಡ್ರಾಗೆ ಕೂರುತ್ತಾನೆ, ಮಾಮೂಲು. ಬಿಷಪ್ಪುಗಳೇ ಹೋದರೆ? ಒಂಟಿ ಕಾಲಾಳನ್ನು ಹಿಡಿಯಲು ಅವನ ರಾಜನೇ ಆ ಮೂಲೆಗೆ ಓಡಬೇಕು. ಅಷ್ಟರಲ್ಲಿ ತನ್ನ ರಾಜ ಅವನ ನಡುವಿನ ಕಾಲಾಳನ್ನು ತಿಂದು ಬಲಗಡೆಗೆ ನುಗ್ಗುತ್ತದೆ.

ಎರಡು ಸಲ ಎಣಿಸಿದಳು. ಹೊಡೆದಳು.

ಮಾವನ ರಾಜ ತಿರುಗಿ ಹೊಡೆಯಿತು. ಅವಳು ಒಂಟಿ ಕಾಲಾಳನ್ನು ದೂಡಿದಳು. ಅವನ ರಾಜ ಅದರ ಬೆನ್ನು ಹತ್ತಿ ಮೂಲೆಯಲ್ಲಿ ತಿಂದಿತು. ಇತ್ತ ಅವಳ ರಾಜ ನಡುವಿನದನ್ನು ತಿಂದು ಬಲಗಡೆಗೆ ಬಂದಾಗ ಕಾಯುವವರೇ ಇರಲಿಲ್ಲ. ಮಾವ ಸೋಲೊಪ್ಪಿ ಗಡಿಯಾರ ನಿಲ್ಲಿಸಿ ಕೈ ಚಾಚಿದ.

“ಯಾಕ್ ಮಾವ ಬಿಷಪ್ ತಂದಿಟ್ರಿ? ಇಷ್ಟು ಕಾಣ್ಲಿಲ್ವಾ ನಿಮ್ಗೆ?”

“ಕಾಣ್ದೆ ಏನು,” ಅಂದ ಮಾವ. “ಬೇರೆ ಯಾರಾದ್ರೂ ಎದುರಿಗಿದ್ದಿದ್ರೆ ಸತ್ರೂ ಇಡ್ತಿರ್ಲಿಲ್ಲ. ನೀನು ನನ್ನ ಮಾತು ಮೀರಲ್ಲ ಅಂದ್ಕೊಂಡೆ.”

ಅವಳಿಗೆ ಸಿಟ್ಟು ಬಂತು, ಅಳುವೂ ಬಂತು. ಗೆದ್ದ ಖುಷಿ ಮಾತ್ರ ಬರಲೇ ಇಲ್ಲ. ಮಾವ ಎದ್ದು ತಂಡದ ನಾಯಕನ ಹತ್ತಿರ ಹೋಗಿ, “ನಾಲ್ಕನೇ ಕುರ್ಚಿ ಇನ್ಮೇಲೆ ಇವಳದು” ಅಂದು, ಅವಳ ಕಡೆ ತಿರುಗದೆ ಚಪ್ಪಲಿ ಮೆಟ್ಟಿಕೊಂಡು ಹೊರಟ.