ಗೆರೆಗಿಂತ ಒಂದು ಬೆರಳು ಹಿಂದೆ

ಗ್ಯಾಲರಿಯ ಬೆಂಚಿನ ತುದಿಯಲ್ಲಿ ಕೂತಿದ್ದ ಟೈಲರಮ್ಮ ಹ್ಯಾಂಡ್‌ಬಾಲ್ ನೋಡುತ್ತಿದ್ದದ್ದು ಇದೇ ಮೊದಲು. ಮಗಳು ಆಡುವ ಕಾಲೇಜು ತಂಡಕ್ಕೆ ಇವತ್ತು ಫೈನಲ್ಲು, ಗೆದ್ದರೆ ಮೊದಲ ಕಪ್ಪು, ಅಷ್ಟು ಗೊತ್ತು. ಮಿಕ್ಕಿದ್ದನ್ನೆಲ್ಲ ಪಕ್ಕದಲ್ಲಿದ್ದ ತಮ್ಮ ಒದರುತ್ತಿದ್ದ. ಯಾರ ದನಿ ಬೇಕಾದರೂ ತೆಗೆಯುವ ಅವನಿಗೆ ಮನೆಯಲ್ಲಿ ‘ರೇಡಿಯೊ’ ಎಂದೇ ಹೆಸರು.

“ಲೋ, ಚೆಂಡು ಹಿಡ್ಕೊಂಡು ಓಡ್ತಿದಾಳಲ್ಲೋ!”

“ಮೂರು ಹೆಜ್ಜೆ ತನಕ ಪರವಾಗಿಲ್ಲ ಅಕ್ಕ. ನಾಲ್ಕನೇದು ಇಟ್ಳೋ...” ರೇಡಿಯೊ ರೆಫರಿಯಂತೆ ಗಂಟಲು ಸರಿಪಡಿಸಿಕೊಂಡು, “ಚೆಂಡು ಆ ಕಡೆಯವರಿಗೆ” ಎಂದು ತೀರ್ಪು ಕೊಟ್ಟ. “ದೂರ ಹೋಗ್ಬೇಕಂದ್ರೆ ನೆಲಕ್ಕೆ ಪುಟಿಸ್ತಾ ಹೋಗ್ಬೇಕು. ಪುಟಿಸಿ ಹಿಡಿದ್ಮೇಲೆ ಮತ್ತೆ ಪುಟಿಸೋ ಹಾಗಿಲ್ಲ. ಕೊಡು, ಇಲ್ಲ ಹೊಡಿ.”

“ಗೋಲಿನ ಮುಂದೆ ಆ ಕಮಾನಿನ ಗೆರೆ?”

“ಅದರೊಳಗೆ ಕಾಲಿಡೋಕೆ ಗೋಲು ಕಾಯೋ ಗೋಲಿ ಒಬ್ಬಳಿಗೇ ಹಕ್ಕು.”

“ನಿನ್ ಸೋದರಸೊಸೆ ಈಗ ಒಳಗೇ ಬಿದ್ಲಲ್ಲ?”

“ಹೊರಗಿಂದ ಹಾರಿದ್ಲು. ನೆಲಕ್ಕೆ ತಾಗೋಕೆ ಮೊದ್ಲೇ ಚೆಂಡು ಬಿಟ್ಲು. ಅದು ಗೋಲು.”

ದ್ವಿತೀಯಾರ್ಧದಲ್ಲಿ ಮಗಳಿಗೆ ಏಳು ಮೀಟರಿನ ಎಸೆತ ಸಿಕ್ಕಿತು. ಗೆರೆಯ ಹಿಂದೆ ಅವಳೊಬ್ಬಳು, ಎದುರಿಗೆ ಗೋಲಿ ಒಬ್ಬಳು. ಚೆಂಡು ಬಲೆಗೆ ಬಿತ್ತು. ಟೈಲರಮ್ಮ ಎದ್ದೇಬಿಟ್ಟಳು. ರೆಫರಿ ಮಾತ್ರ ಕೈಯಾಡಿಸಿ ಗೋಲು ಇಲ್ಲವೆಂದ.

“ಯಾಕಂತೆ?”

“ಕಾಲ್ಬೆರಳು ಗೆರೆ ತುಳೀತು. ಚೆಂಡು ಕೈಬಿಡೋ ತನಕ ಗೆರೆ ಮುಟ್ಟಬಾರದು.”

ಟೈಲರಮ್ಮ ಕುಸಿದು ಕೂತಳು. ತಿಂಗಳಿಂದ ಮಗಳು ತಾರಸಿಯ ಮೇಲೆ ಅಭ್ಯಾಸ ಮಾಡಿದ್ದು ಅಮ್ಮ ಎಳೆದ ಸೀಮೆಸುಣ್ಣದ ಗೆರೆಯಿಂದ. “ಕಾಲು ಸರಿಯಾಗಿ ಗೆರೆ ಮೇಲೆ ಇರ್ಲಿ” ಎಂದು ಗದರಿದವಳೂ ತಾನೇ. ಟೈಲರಿಗೆ ಗೆರೆ ಎಂದರೆ ಹೊಲಿಗೆ ಕೂರಬೇಕಾದ ಜಾಗ! ಕೋಚ್ ಎಷ್ಟು ಹೇಳಿದರೇನು, ಕಾಲು ಅಮ್ಮನ ಮಾತನ್ನೇ ಕೇಳಿತ್ತು.

ಕೊನೆಯ ಗಳಿಗೆಯಲ್ಲಿ ಅಂಕ ಸಮ. ಮಗಳು ಗೋಲಿನತ್ತ ನೇರವಾಗಿ ಹಾರಿದಳು. ಎದುರಾಳಿ ಹುಡುಗಿ ಕಮಾನಿನೊಳಗೆ ನುಗ್ಗಿ ಗಾಳಿಯಲ್ಲೇ ತಳ್ಳಿದಳು. ಸೀಟಿ. ಹಿಂದೆಯೇ ಸಮಯ ಮುಗಿದ ಗಂಟೆ.

“ಮುಗೀತಾ?”

“ಇಲ್ಲಕ್ಕ. ಖಚಿತ ಗೋಲು ತಪ್ಪಿಸಿದ್ದಕ್ಕೆ ಏಳು ಮೀಟರು. ಟೈಮ್ ಆದ್ರೂ ಎಸೆದೇ ತೀರ್ಬೇಕು.” ರೇಡಿಯೊ ಈಗ ತನ್ನ ಸ್ವಂತ ದನಿಗೆ ಬಂದಿದ್ದ.

ಮಗಳು ಗೆರೆಯ ಹತ್ತಿರ ಬಂದು ಗ್ಯಾಲರಿಯತ್ತ ನೋಡಿದಳು. ಕೂಗಿದರೆ ಕೇಳುವಂತಿರಲಿಲ್ಲ. ಟೈಲರಮ್ಮ ಸೀರೆಯ ಸೆರಗು ಚಾಚಿ, ಅಂಚಿನಿಂದ ಒಂದು ಬೆರಳು ಒಳಗೆ ಮಡಿಸಿ ಹಿಡಿದಳು. ಹೊಲಿಗೆಗೆ ಬಟ್ಟೆ ಬಿಡು ಎನ್ನಲು ಅಂಗಡಿಯಲ್ಲಿ ಮಗಳಿಗೆ ದಿನಾ ತೋರಿಸುವ ಸನ್ನೆ ಅದು.

ಮಗಳ ತುಟಿಯಂಚು ನಕ್ಕಿತು. ಪಾದ ಅಷ್ಟೇ ಅಷ್ಟು ಹಿಂದೆ ಸರಿಯಿತು.

ಗೋಲಿ ತೋಳು ಬಿಚ್ಚಿ ಮುಂದೆ ಬಂದಳು. ಸೀಟಿ. ಮುಂದಿನ ಪಾದ ಅಲುಗಲಿಲ್ಲ. ತೋಳು ಒಮ್ಮೆ ಸುಳ್ಳು ಹೇಳಿತು, ಗೋಲಿ ಎಡಕ್ಕೆ ಹಾರಿದಳು, ಚೆಂಡು ಬಲಗಡೆ ಬಲೆಗೆ ಬಡಿಯಿತು.

ಟೈಲರಮ್ಮ ಬಲೆ ನೋಡಲಿಲ್ಲ, ಗೆರೆ ನೋಡುತ್ತಿದ್ದಳು. ಗೆರೆಗೂ ಶೂಗೂ ನಡುವೆ ನೆಲ ಕಾಣುತ್ತಿತ್ತು. ರೆಫರಿಯ ಕೈ ಮೇಲೇಳುವ ಮೊದಲೇ ಅವಳು ತಮ್ಮನ ಬೆನ್ನಿಗೆ ಗುದ್ದಿದಳು:

“ಊದೋ ಈಗ ನಿನ್ ರೆಫರಿ ಸೀಟಿ!”