ಐದು ವರ್ಷದ ಅರ್ಜಿ

ಮೂರನೆಯ ಡಬ್ಬಿಯೂ ಖಾಲಿಯಾಗಿತ್ತು. ಅತ್ತೆ ಅದನ್ನು ಅಲುಗಾಡಿಸಿ ನೋಡಿದರು, ಒಳಗಿದ್ದ ತೆಳು ಕಾಗದವನ್ನೂ ಬಿಡಿಸಿ ನೋಡಿದರು. ಆಮೇಲೆ ಮುಚ್ಚಳ ಮುಚ್ಚಿ ಕೌಂಟರಿನ ಮೇಲಿಟ್ಟು, "ಅಳಿಯಂದಿರೇ, ನನ್ನ ಕಾಲಿನ ಅಳತೆದು ಇಲ್ವೋ, ಇಲ್ಲಾ ಚಪ್ಪಲಿನೇ ಇಲ್ವೋ?" ಎಂದು ಕೇಳಿದರು.

"ಅದು ಡಿಸ್‌ಪ್ಲೇ, ಅತ್ತೆ," ಎಂದ ಅಂಗಡಿಯವನು.

"ಡಿಸ್‌ಪ್ಲೇ ಅಂದ್ರೆ ತೋರ್ಸೋದಲ್ವಾ? ತಾವು ತೋರಿಸ್ತಿರೋದಾದ್ರೂ ಏನು?"

'ತಾವು' ಕೇಳಿದ್ದೇ ಅವನು ಉಳಿದ ಡಬ್ಬಿಗಳನ್ನು ಹಿಂದಕ್ಕೆ ಸರಿಸಿದ. ಅತ್ತೆ ಸಮಾಧಾನದಲ್ಲಿದ್ದರೆ 'ನೀವು' ಎನ್ನುತ್ತಿದ್ದರು. ಸಿಟ್ಟು ಏರಿದಷ್ಟೂ ಅವರ ಮರ್ಯಾದೆ ಏರುತ್ತಿತ್ತು. ಮೂವತ್ತು ವರ್ಷ ತಾಲ್ಲೂಕು ಕಚೇರಿಯಲ್ಲಿ ಊರವರ ಅರ್ಜಿ ತಿದ್ದಿ ನಿವೃತ್ತರಾದವರು. ಅವರ ಮುಂದೆ ಸುಳ್ಳು ಎರಡನೇ ವಾಕ್ಯದವರೆಗೂ ಬಾಳುತ್ತಿರಲಿಲ್ಲ.

ಅವನು ಬಾಯಿಬಿಟ್ಟ. ಶಾಲೆ ಶುರುವಾಗಲು ಮೂರು ವಾರವಿತ್ತು. ನಾನೂರು ಜೊತೆ ಕಪ್ಪು ಬೂಟಿಗೆಂದು ಎತ್ತಿಟ್ಟ ದುಡ್ಡು. ಮೊದಲು ಹತ್ತು ಜೊತೆಯಷ್ಟನ್ನು ಫೋನಿನಲ್ಲಿ ಪಂದ್ಯದ ಮೇಲೆ ಕಟ್ಟಿದ, ಗೆದ್ದ. ಆಮೇಲೆ ಐವತ್ತು ಜೊತೆ ಹೋಯಿತು. ಅದನ್ನು ವಾಪಸ್ ತರಲು ನೂರು ಜೊತೆ ಹೋಯಿತು. ಮಿಕ್ಕದ್ದೂ ಹಾಗೇ ಹೋಯಿತು. ಕೊನೆಗೆ ಉಳಿದದ್ದು ಕಪಾಟು ತುಂಬಿದಂತೆ ಕಾಣಲೆಂದು ಜೋಡಿಸಿಟ್ಟ ಖಾಲಿ ಡಬ್ಬಿಗಳು.

ಅತ್ತೆ ಬೈಯಲಿಲ್ಲ. ಚೀಲದಿಂದ ಕನ್ನಡಕ ತೆಗೆದರು. "ಆ ಬೆಟ್ಟಿಂಗ್ ಕಂಪನಿಯ ನಿಯಮ ತೆಗೀರಿ."

ಫೋನನ್ನು ಮೂಗಿನ ಹತ್ತಿರ ಹಿಡಿದು ಅವರು ನಿಯಮಗಳನ್ನೆಲ್ಲ ಓದುವಷ್ಟರಲ್ಲಿ ಅವನು ಬಿಲ್ ಪುಸ್ತಕದ ಹಾಳೆಯಲ್ಲಿ ಒಂದು ಕರಡು ಬರೆದಿದ್ದ: 'ಮಾನ್ಯರೇ, ತಮ್ಮೊಂದಿಗಿನ ವ್ಯವಹಾರ ತೃಪ್ತಿಕರವಾಗಿತ್ತು. ಕೆಲಸದ ಒತ್ತಡದಿಂದ ಖಾತೆ ಮುಚ್ಚಲು ಬಯಸುತ್ತೇನೆ. ತೊಂದರೆಗೆ ಕ್ಷಮೆಯಿರಲಿ.'

"ತೊಂದರೆ ಯಾರಿಗೆ?" ಎಂದು ಅತ್ತೆ ಉದ್ದಕ್ಕೂ ಗೀಟು ಎಳೆದರು. "ಖಾತೆ ಮುಚ್ಚಿಸಿದ್ರೆ ನಾಳೆನೇ ಮತ್ತೆ ತೆರೀಬಹುದು. ವಿರಾಮ ಅಂತ ಒಂದಿದೆ, ಅದು ಹೆಚ್ಚಂದ್ರೆ ಮೂವತ್ತು ದಿನ. ಸ್ವಯಂ ನಿರ್ಬಂಧ, ಅಂದ್ರೆ ನನ್ನನ್ನ ಒಳಗೇ ಬಿಡ್ಬೇಡಿ ಅಂತ ಕೇಳಿದ್ರೆ ಮಾತ್ರ, ಅವಧಿ ಮುಗಿಯೋವರೆಗೆ ನೀವೇ ಕಾಲಿಗೆ ಬಿದ್ರೂ ಅವರು ಖಾತೆ ತೆರೆಯೋ ಹಾಗಿಲ್ಲ. ನಿಜವಾದ ಕಾರಣನೂ ಬರೀಬೇಕು."

"ಕಾರಣ ಯಾಕೆ, ಅತ್ತೆ? ಯಾರ್ಯಾರು ಓದ್ತಾರೋ."

"ಕೆಲಸದ ಒತ್ತಡ ಅಂತ ಬರೆದ್ರೆ, ಒತ್ತಡ ಕಮ್ಮಿ ಆಯ್ತಾ ಅಂತ ಕೇಳ್ಕೊಂಡು ಅವರೇ ಬರ್ತಾರೆ."

ಅವಧಿ ಎಂಬಲ್ಲಿ ಆರು ತಿಂಗಳು, ಒಂದು ವರ್ಷ, ಐದು ವರ್ಷ ಎಂದಿತ್ತು. ಅವನು ಆರು ತಿಂಗಳಿಂದ ಚೌಕಾಸಿ ಶುರು ಮಾಡಿದ. ಅತ್ತೆ ಅವನ ತಲೆಯ ಮೇಲಿದ್ದ 'ಒಂದೇ ದರ' ಬೋರ್ಡನ್ನು ತೋರಿಸಿದರು.

"ಇವತ್ತು ಸಂಜೆ ಪಂದ್ಯಕ್ಕೆ ಒಂದು ಬೆಟ್ ಆಗ್ಲೇ ಕಟ್ಟಿಬಿಟ್ಟಿದೀನಿ. ನಾಳೆ ಕಳ್ಸೋಣ್ವಾ?"

"ಕಟ್ಟಿದ್ದು ಹಾಗೇ ನಡೆಯುತ್ತಂತೆ. ಗೆದ್ರೆ ಬ್ಯಾಂಕಿಗೆ ಹಾಕ್ತಾರೆ. ಇವತ್ತೇ ಬರೀರಿ."

ಅತ್ತೆ ಹೇಳಿದರು, ಅವನು ಒತ್ತಿದ:

'ನನ್ನ ಖಾತೆ ಸಂಖ್ಯೆ, ನೋಂದಾಯಿತ ಫೋನ್ ಮತ್ತು ಇಮೇಲ್ ಕೆಳಗಿವೆ. ಬೆಟ್ಟಿಂಗ್ ನನ್ನ ಹಿಡಿತ ತಪ್ಪಿದೆ. ಅಂಗಡಿಗೆ ಸರಕು ತರಬೇಕಿದ್ದ ಹಣವನ್ನು ಕಳೆದಿದ್ದೇನೆ. ಇಂದಿನಿಂದ ಐದು ವರ್ಷ ನನಗೆ ಸ್ವಯಂ ನಿರ್ಬಂಧ ವಿಧಿಸಿ. ಬೇರೆ ಫೋನ್, ಬೇರೆ ಇಮೇಲ್‌ನಿಂದ ಬಂದರೂ ಹೊಸ ಖಾತೆ ಕೊಡಬೇಡಿ. ಉಳಿದ ಹಣವನ್ನು ನನ್ನ ಬ್ಯಾಂಕಿಗೆ ಹಿಂತಿರುಗಿಸಿ. ಜಾಹೀರಾತು, ಬೋನಸ್ ಸಂದೇಶ ನಿಲ್ಲಿಸಿ. ಜಾರಿಯಾದ ದಿನಾಂಕವನ್ನು ಬರಹದಲ್ಲಿ ತಿಳಿಸಿ.'

'ಹಿಡಿತ ತಪ್ಪಿದೆ' ಎಂಬಲ್ಲಿ ಅವನ ಬೆರಳು ಸ್ವಲ್ಪ ಹೊತ್ತು ನಿಂತಿತ್ತು. ಅತ್ತೆ ಆಗ ಬೀದಿಯ ಕಡೆ ನೋಡುತ್ತಿದ್ದರು.

ಎರಡೇ ನಿಮಿಷದಲ್ಲಿ ಉತ್ತರ ಬಂತು. 'ಪ್ರಿಯ ಗ್ರಾಹಕರೇ, ನಿಮ್ಮನ್ನು ಕಳೆದುಕೊಳ್ಳಲು ಬೇಸರವಾಗಿದೆ. ಒಂದು ದಿನದ ವಿರಾಮ ಪಡೆಯಿರಿ, ಮರಳಿದಾಗ ಉಚಿತ ಬೆಟ್ ಕಾದಿರುತ್ತದೆ.'

"ಪಾಪ, ಎಷ್ಟು ವಿನಯವಾಗಿ ಬರೆದಿದಾರೆ," ಎಂದ ಅವನು.

"ಆ ಮಹನೀಯರಿಗೆ ಬರೀರಿ," ಎಂದರು ಅತ್ತೆ. "ತಾವು ನಮ್ಮ ಅರ್ಜಿಯನ್ನು ಓದಿಲ್ಲ. ದಯವಿಟ್ಟು ಓದತಕ್ಕದ್ದು."

ಈ ಸಲ ಮನುಷ್ಯರೇ ಓದಿರಬೇಕು. ಗುರುತಿನ ಚೀಟಿಯನ್ನು ಮುಖದ ಪಕ್ಕ ಹಿಡಿದ ಫೋಟೊ ಕೇಳಿದರು. ಅತ್ತೆ ತೆಗೆದರು, ಮೊದಲನೆಯದರಲ್ಲಿ ಅವನು ಅಭ್ಯಾಸಬಲದಿಂದ ಗಿರಾಕಿಗೆ ನಗುವಂತೆ ನಕ್ಕಿದ್ದರಿಂದ ಇನ್ನೊಂದು ತೆಗೆಯಬೇಕಾಯಿತು. ಮಧ್ಯಾಹ್ನದ ಹೊತ್ತಿಗೆ ದೃಢೀಕರಣ ಪತ್ರ ಬಂತು: ಐದು ವರ್ಷ, ಹಿಂಪಡೆಯಲಾಗದು. ಪರೀಕ್ಷಿಸಲು ಅವನು ಲಾಗಿನ್ ಒತ್ತಿದ. ಒಳಗೆ ಬಿಡಲಿಲ್ಲ. ಕೆಳಗೆ ಸಣ್ಣ ಅಕ್ಷರದಲ್ಲಿ ಇನ್ನೊಂದು ಸಾಲಿತ್ತು: ಈ ನಿರ್ಬಂಧ ನಮ್ಮ ಸಂಸ್ಥೆಗೆ ಮಾತ್ರ ಅನ್ವಯ.

ಅತ್ತೆ ಕನ್ನಡಕದ ಮೇಲಿನಿಂದ ಅವನನ್ನು ನೋಡಿದರು. ಅವನು ಕೌಂಟರ್ ಒರೆಸತೊಡಗಿದ.

"ಇನ್ನೆಷ್ಟು ಸಂಸ್ಥೆಗಳು ತಮ್ಮನ್ನು ಕಳೆದುಕೊಳ್ಳಬೇಕಾಗಿದೆ?"

"ಎರಡು."

ಅವೆರಡೂ ಮುಗಿಯುವಷ್ಟರಲ್ಲಿ ನಾಲ್ಕು ಗಂಟೆಯಾಯಿತು. ಅವನು ಸಗಟು ವ್ಯಾಪಾರಿಗೆ ಫೋನ್ ಮಾಡಿದ. ಆತ ಬಹಳ ಹೊತ್ತು ಗೊಣಗಿ, ಅರವತ್ತು ಜೊತೆ ಸಾಲಕ್ಕೆ ಒಪ್ಪಿದ. ಅತ್ತೆ ಕನ್ನಡಕ ಮಡಚಿದರು.

"ಮಗಳಿಗೆ ಬರೋಕೆ ಹೇಳಿದೀನಿ. ಅವಳಿಗೆ ನೀವೇ ಹೇಳ್ಬೇಕು. ಅದಕ್ಕೆ ನಾನು ಕರಡು ಮಾಡ್ಕೊಡಲ್ಲ."

ಹೊಸ ಚಪ್ಪಲಿ ಇಲ್ಲದೆಯೇ ಅವರು ಮೆಟ್ಟಿಲಿಳಿದು ಹೋದರು.

ಹೆಂಡತಿ ಬಂದು ಗಿರಾಕಿಗಳ ಬೆಂಚಿನ ಮೇಲೆ ಕೂತಳು. "ಏನು ಅಷ್ಟು ಅರ್ಜೆಂಟು?" ಅವನಿಗೆ ನಿಂತು ಹೇಳಲಾಗಲಿಲ್ಲ. ಅಳತೆ ತೆಗೆಯುವ ಗಿಡ್ಡ ಸ್ಟೂಲನ್ನು ಎಳೆದುಕೊಂಡು ಅವಳ ಎದುರು ಕೂತು ತಲೆ ತಗ್ಗಿಸಿದ. ಅವಳ ಎಡಗಾಲಿನ ಚಪ್ಪಲಿಯ ಪಟ್ಟಿ ಯಾವಾಗಲೋ ಕಿತ್ತುಹೋಗಿತ್ತು. ಅವಳೇ ಅದನ್ನು ಹೊಲಿದುಕೊಂಡಿದ್ದಳು. ಕಂದು ದಾರ ಸಿಕ್ಕಿರಲಿಲ್ಲವೇನೋ, ನೀಲಿಯದರಲ್ಲಿ, ಒತ್ತೊತ್ತಾಗಿ, ನೇರವಾಗಿ.