ಹದಿಮೂರೋ ಹದಿನೆಂಟೋ

ವಿಮಾ ಕಚೇರಿಯಲ್ಲಿ ಬಿಲ್ಲು ಪರಿಶೀಲಿಸುವವಳಿಗೆ ಫಾರ್ವರ್ಡ್ ಆಗಿ ಬಂದ ಚಿತ್ರಗಳೆಂದರೆ ಮೈಯೆಲ್ಲ ಉರಿ. ಫೋನಿಂದ ಫೋನಿಗೆ ಹಾರುವಷ್ಟರಲ್ಲಿ ಚಿತ್ರ ಹಿಂಡಿ ಹಿಪ್ಪೆಯಾಗಿರುತ್ತದೆ. ಎಂಟರ ಎಡಬದಿ ಕರಗಿ ಮೂರಾಗಿರುತ್ತದೆ.

ಈ ಔಷಧಿ ಬಿಲ್ಲೂ ಹಾಗೇ ಬಂದಿತ್ತು. ಕಳಿಸಿದಾಕೆಯ ಗಂಡ ತೀರಿಕೊಂಡದ್ದು ಹದಿನಾಲ್ಕನೇ ತಾರೀಕು. ಬಿಲ್ಲು ಓದುವ ಕಂಪ್ಯೂಟರು ತಾರೀಕು ಹದಿಮೂರು ಎಂದಿತು. ಆದರೆ ತನ್ನ ಓದಿನ ಮೇಲೆ ತನಗೇ ನಂಬಿಕೆ ನೂರಕ್ಕೆ ಐವತ್ತೆಂಟೇ ಎಂದು ಕೆಂಪು ಗೆರೆ ಎಳೆಯಿತು. ಇವಳು ಅಸಲು ಬಿಲ್ಲು ತರಲು ಆಕೆಗೆ ಹೇಳಿಕಳಿಸಿದಳು.

ಆಕೆ ಮಧ್ಯಾಹ್ನವೇ ಬಂದು, ಪಕ್ಕದ ಕುರ್ಚಿಯನ್ನೂ ಎಳೆದಿಟ್ಟು ಕೂತರು. ಬಿಲ್ಲಿನ ಅಚ್ಚು ಸಾಸಿವೆಯಷ್ಟು ಸಣ್ಣದು, ಮಾಸಿದ್ದು, ಬರಿಗಣ್ಣಿಗೆ ದಕ್ಕಲಿಲ್ಲ. ಫೋನಿನಲ್ಲಿ ಫೋಟೊ ತೆಗೆದರೆ ಮಡಿಕೆಯ ನೆರಳು ಅಂಕಿಯ ಮೇಲೇ ಬಿದ್ದು, ಕಂಪ್ಯೂಟರು ಮೂರೋ ಎಂಟೋ ಎಂದು ತಡವರಿಸಿತು. ಕೊನೆಗೆ ಬಿಲ್ಲನ್ನು ಸ್ಕ್ಯಾನರಿನ ಗಾಜಿನ ಮೇಲೆ ಮಲಗಿಸಿ ಮುಚ್ಚಳ ಒತ್ತಿದಳು. ಬೆಳಕು ಕಾಗದದುದ್ದಕ್ಕೂ ಸಮವಾಗಿ ಹರಿಯಿತು.

ಹದಿನೆಂಟು. ನಂಬಿಕೆ ನೂರಕ್ಕೆ ತೊಂಬತ್ತೊಂಬತ್ತು. ಪರದೆಯಲ್ಲಿ ದೊಡ್ಡದು ಮಾಡಿ ನೋಡಿದಳು. ಎಂಟೇ.

"ಅಮ್ಮಾ, ಯಜಮಾನ್ರು ಹೋಗಿ ನಾಲ್ಕು ದಿನ ಆದ್ಮೇಲೆ ಅವರ ಮಾತ್ರೆ ಯಾಕೆ ತಗೊಂಡ್ರಿ?"

"ಮುಗಿದುಹೋಗಿದೆ, ತಗೊಂಡು ಬಾ ಅಂದ್ರು."

"ಯಾರು ಅಂದ್ರು?"

ಆಕೆ ಖಾಲಿ ಕುರ್ಚಿಯ ಕಡೆ ಒಮ್ಮೆ ನೋಡಿ, ಮೇಜಿನ ಮೇಲೆ ಬಾಗಿ ಪಿಸುಗುಟ್ಟಿದರು.

"ಮೆಲ್ಲಗೆ ಮಾತಾಡಮ್ಮಾ. ತಾವು ತೀರ್ಕೊಂಡಿದ್ದು ಅವರಿಗೇ ಇನ್ನೂ ಗೊತ್ತಿಲ್ಲ."